ಉಳಿದ ಡೈರಿಗಳನ್ನು ಹಿಂದಿರುಗಿಸಿದ ಕಥೆ

ಹೊಸ ವರ್ಷದ ಡೈರಿ ಮತ್ತು ಕ್ಯಾಲೆಂಡರುಗಳನ್ನು ಮಾರುವವರಿಗೆ ಜನವರಿಯ ಮೊದಲ ವಾರ ಮುಗಿದ ಕೂಡಲೇ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಆಗಲೂ ಕಪಾಟಿನಲ್ಲಿ ಉಳಿದಿರುವ ಪ್ರತಿಯೊಂದು ಪ್ರತಿಯ ಬೆಲೆಯೂ ದಿನದಿಂದ ದಿನಕ್ಕೆ ಕರಗುತ್ತಿರುತ್ತದೆ. ನಾನು ಅಂಗಡಿಗಾಗಿ ಈ ಸರಕನ್ನು ತರಿಸಿಕೊಂಡದ್ದು ‘ಮಾರಾಟವಾಗದಿದ್ದರೆ ವಾಪಸ್’ ಎಂಬ ಒಪ್ಪಂದದ ಮೇಲೆ. ಆದ್ದರಿಂದ ಉಳಿದದ್ದನ್ನು ಸರಬರಾಜುದಾರರಿಗೆ ಹಿಂದಿರುಗಿಸಿ ಹಣ ಪಡೆಯುವುದು ಒಂದು ಪತ್ರ ಬರೆದರೆ ಮುಗಿಯುವ ಕೆಲಸ ಎಂದೇ ಭಾವಿಸಿದ್ದೆ. ಕೊನೆಗೆ ಹಣ ಬಂದದ್ದು ನಿಜವಾದರೂ, ಮೊದಲು ಕೇಳಿದಷ್ಟು ಬರಲಿಲ್ಲ. ಬರಬೇಕಾದಷ್ಟು ಬರುವುದಕ್ಕೂ ಜನವರಿ 9ರಿಂದ ಮಾರ್ಚ್ 18ರವರೆಗೆ ಕಾಯಬೇಕಾಯಿತು. ನಡುವೆ ನಡೆದದ್ದನ್ನು, ನನ್ನ ತಪ್ಪುಗಳನ್ನೂ ಸೇರಿಸಿ, ಇಲ್ಲಿ ಬರೆದಿದ್ದೇನೆ.

ಮೊದಲು ಒಪ್ಪಂದದ ಸ್ವರೂಪವನ್ನು ಹೇಳಬೇಕು, ಏಕೆಂದರೆ ಒಂದೇ ಹೆಸರಿನಡಿ ಎರಡು ಬೇರೆ ಬೇರೆ ವ್ಯವಸ್ಥೆಗಳು ಚಾಲ್ತಿಯಲ್ಲಿವೆ. ಒಂದರಲ್ಲಿ ಸರಕು ಅಂಗಡಿಯ ಕಪಾಟಿನಲ್ಲಿದ್ದರೂ ಅದರ ಒಡೆತನ ಸರಬರಾಜುದಾರರದೇ ಆಗಿರುತ್ತದೆ. ನಾವು ಮಾರಿದಷ್ಟಕ್ಕೆ ಮಾತ್ರ ಹಣ ಕೊಡುತ್ತೇವೆ, ಉಳಿದದ್ದನ್ನು ಗಡುವಿನೊಳಗೆ ಹಿಂದಿರುಗಿಸುತ್ತೇವೆ, ಗಡುವು ಮೀರಿ ಇಟ್ಟುಕೊಂಡರೆ ಅದನ್ನು ಕೊಂಡಂತೆಯೇ ಲೆಕ್ಕ. ಇನ್ನೊಂದರಲ್ಲಿ ಸರಕು ಬಂದಾಗಲೇ ಪೂರ್ತಿ ಬಿಲ್ ಆಗುತ್ತದೆ, ಅವಧಿ ಬಂದಾಗ ಪೂರ್ತಿ ಹಣವನ್ನೂ ಕೊಡುತ್ತೇವೆ. ಉಳಿದದ್ದನ್ನು ಹಿಂದಿರುಗಿಸುವ ಹಕ್ಕು ಮಾತ್ರ ನಮ್ಮಲ್ಲಿರುತ್ತದೆ. ನನ್ನದು ಈ ಎರಡನೆಯ ಬಗೆಯದು. ಮೊದಲ ಬಗೆಯಲ್ಲಿ ಹಣ ನಮ್ಮ ಕೈಯಲ್ಲಿದ್ದು ಸರಕಿನ ಲೆಕ್ಕವನ್ನು ಅವರು ಕೇಳುತ್ತಾರೆ. ಎರಡನೆಯದರಲ್ಲಿ ಹಣ ಅವರ ಕೈಯಲ್ಲಿದ್ದು ಸರಕಿನ ಲೆಕ್ಕವನ್ನು ನಾವು ಒಪ್ಪಿಸಬೇಕಾಗುತ್ತದೆ. ಪುರಾವೆಯ ಹೊರೆಯೆಲ್ಲ ನಮ್ಮ ಮೇಲೆ ಬೀಳುವುದು ಇದೇ ಕಾರಣಕ್ಕೆ.

ಒಪ್ಪಂದದಲ್ಲಿ ನನಗೆ ಸಂಬಂಧಿಸಿದ ಷರತ್ತುಗಳು ಇವಿಷ್ಟು. ವಾಪಸಾತಿಯ ಕೋರಿಕೆಯನ್ನು ಜನವರಿ 1 ಮತ್ತು 31ರ ನಡುವೆ ಲಿಖಿತವಾಗಿ ಸಲ್ಲಿಸಬೇಕು. ವಾಪಸಾತಿಯ ಷರತ್ತಿನ ಮೇಲೆ ಕಳುಹಿಸಿದ ಒಟ್ಟು ಸರಕಿನ ಶೇ. 30ನ್ನು ಮೀರಿ ಹಿಂದಿರುಗಿಸುವಂತಿಲ್ಲ. ಪ್ರತಿಗಳು ಮತ್ತೆ ಮಾರಬಹುದಾದ ಸ್ಥಿತಿಯಲ್ಲಿರಬೇಕು. ಅನುಮತಿ ಸಂಖ್ಯೆ ಬರೆಯದ ಪೆಟ್ಟಿಗೆಯನ್ನು ಗೋದಾಮಿನಲ್ಲಿ ಇಳಿಸಿಕೊಳ್ಳುವುದಿಲ್ಲ. ಅನುಮತಿ ಕೊಟ್ಟ ದಿನದಿಂದ 21 ದಿನಗಳೊಳಗೆ ಸರಕು ಅವರನ್ನು ತಲುಪಬೇಕು, ಸಾಗಣೆಯ ಖರ್ಚು ಮತ್ತು ಹೊಣೆ ಎರಡೂ ನಮ್ಮದು. ಇವುಗಳಲ್ಲಿ ಯಾವುದನ್ನೂ ನಾನು ಓದದೆ ಸಹಿ ಮಾಡಿರಲಿಲ್ಲ. ಆದರೆ ‘ವಾಪಸಾತಿಯ ಷರತ್ತಿನ ಮೇಲೆ ಕಳುಹಿಸಿದ’ ಎಂಬ ಮಾತಿಗೆ ಎಷ್ಟು ತೂಕವಿದೆ ಎಂಬುದು ಸಹಿ ಮಾಡುವಾಗ ಹೊಳೆದಿರಲಿಲ್ಲ.

ಸರಕು ಬಂದದ್ದು ಮೂರು ಕಂತುಗಳಲ್ಲಿ. ಆಗಸ್ಟ್ 20ರ ಬಿಲ್ಲಿನಲ್ಲಿ 240 ಪ್ರತಿಗಳು: 120 ಮೇಜಿನ ಡೈರಿ, 60 ಕಿಸೆ ಡೈರಿ, 60 ಗೋಡೆ ಕ್ಯಾಲೆಂಡರ್. ಅಕ್ಟೋಬರ್ 15ರ ಬಿಲ್ಲಿನಲ್ಲಿ 160: ಮೇಜಿನ ಡೈರಿ 60, ಕಿಸೆ ಡೈರಿ 40, ಕ್ಯಾಲೆಂಡರ್ 60. ಇವೆರಡಕ್ಕೂ ಮುಖಬೆಲೆಯ ಮೇಲೆ ಶೇ. 40 ರಿಯಾಯಿತಿ ಇತ್ತು. ನವೆಂಬರಿನಲ್ಲಿ ಮೇಜಿನ ಡೈರಿ ಚೆನ್ನಾಗಿ ಹೋಗುತ್ತಿದ್ದುದನ್ನು ಕಂಡು ಇನ್ನೂ 80 ಬೇಕೆಂದು ಫೋನಿನಲ್ಲಿ ಕೇಳಿದೆ. ಆಗ ಅವರ ಮಾರಾಟ ಪ್ರತಿನಿಧಿ, ‘ಈ ಸಲ ಖಚಿತ ಖರೀದಿ ಎಂದು ತೆಗೆದುಕೊಳ್ಳುವುದಾದರೆ ಶೇ. 45 ಕೊಡಿಸುತ್ತೇನೆ’ ಎಂದರು. ಡೈರಿ ಹೋಗುತ್ತಿದ್ದ ವೇಗ ನೋಡಿದರೆ ಒಂದೂ ಉಳಿಯುವುದಿಲ್ಲ ಎನ್ನಿಸಿ ಒಪ್ಪಿದೆ. ನವೆಂಬರ್ 25ರ ಆ ಮೂರನೆಯ ಬಿಲ್ಲಿನ ಕೆಳಭಾಗದಲ್ಲಿ ‘ವಾಪಸಾತಿ ಇಲ್ಲ’ ಎಂದು ಅಚ್ಚಾಗಿತ್ತು. ಪೆಟ್ಟಿಗೆಗಳನ್ನು ಒಡೆದು, ಮೊದಲಿನ ಡೈರಿಗಳ ಪಕ್ಕದಲ್ಲೇ ಜೋಡಿಸಿದೆ. ನನ್ನ ಎಲ್ಲ ತೊಂದರೆಯೂ ಹುಟ್ಟಿದ್ದು ಆ ಸಂಜೆಯ ಅರ್ಧ ಗಂಟೆಯ ಕೆಲಸದಲ್ಲಿ. ಅದೇ ಡೈರಿ, ಅದೇ ಬಾರ್‌ಕೋಡ್, ಅದೇ ಕಪಾಟು; ಆದರೆ ಕೆಲವು ಪ್ರತಿಗಳನ್ನು ಹಿಂದಿರುಗಿಸಬಹುದು, ಉಳಿದವನ್ನು ಹಿಂದಿರುಗಿಸುವಂತಿಲ್ಲ.

ಜನವರಿ 6ರಂದು ಅಂಗಡಿ ಮುಚ್ಚಿದ ಮೇಲೆ ಎಣಿಕೆ ಮಾಡಿದೆ. ಮೇಜಿನ ಡೈರಿ 78, ಕಿಸೆ ಡೈರಿ 21, ಕ್ಯಾಲೆಂಡರ್ 37, ಒಟ್ಟು 136 ಉಳಿದಿದ್ದವು. ಮೂರು ಬಿಲ್ಲುಗಳನ್ನೂ ಕೂಡಿ 480 ಬರೆದು, ಅದರ ಶೇ. 30 ಎಂದು 144 ಲೆಕ್ಕ ಹಾಕಿ, 136 ಮಿತಿಯೊಳಗೇ ಇದೆ ಎಂದು ಸಮಾಧಾನಪಟ್ಟೆ. ಜನವರಿ 9ರಂದು ಕಳುಹಿಸಿದ ಕೋರಿಕೆಯಲ್ಲಿ ಸರಕಿನ ಹೆಸರು ಮತ್ತು ಸಂಖ್ಯೆಯನ್ನಷ್ಟೇ ಬರೆದಿದ್ದೆ; ಯಾವ ಪ್ರತಿ ಯಾವ ಬಿಲ್ಲಿನದು ಎಂಬುದು ಅದರಲ್ಲಿರಲಿಲ್ಲ.

ಐದು ದಿನಗಳ ನಂತರ ಉತ್ತರ ಬಂತು. ಕಿಸೆ ಡೈರಿ ಮತ್ತು ಕ್ಯಾಲೆಂಡರುಗಳನ್ನು ಪರಿಶೀಲಿಸುವುದಾಗಿಯೂ, ಮೇಜಿನ ಡೈರಿ 78ನ್ನೂ ‘ಖಚಿತ ಖರೀದಿಯ ಸರಕು’ ಎಂಬ ಕಾರಣಕ್ಕೆ ತಿರಸ್ಕರಿಸಿರುವುದಾಗಿಯೂ ಅದರಲ್ಲಿತ್ತು. ಜೊತೆಗೆ, ನನಗೆ ಅನ್ವಯಿಸುವ ಮಿತಿ 144 ಅಲ್ಲ, 120 ಎಂದು ನೆನಪಿಸಿದ್ದರು. ಎರಡನೆಯ ಮಾತು ಸರಿಯಾಗಿತ್ತು. ವಾಪಸಾತಿಯ ಷರತ್ತಿನ ಮೇಲೆ ಬಂದದ್ದು ಮೊದಲ ಎರಡು ಬಿಲ್ಲುಗಳ 400 ಪ್ರತಿಗಳು ಮಾತ್ರ, ಅದರ ಶೇ. 30 ಎಂದರೆ 120. ಒಪ್ಪಂದದಲ್ಲಿ ಹಗುರವಾಗಿ ಓದಿಕೊಂಡಿದ್ದ ಮಾತಿನ ಅರ್ಥ ಆಗ ತಲೆಗೆ ಹೋಯಿತು. ಆದರೆ 78 ಡೈರಿಗಳೂ ಮೂರನೆಯ ಬಿಲ್ಲಿನವೇ ಎಂದು ಅವರಿಗೆ ಹೇಗೆ ಗೊತ್ತಾಯಿತು ಎಂಬುದು ಅರ್ಥವಾಗಲಿಲ್ಲ.

ವಾಪಸಾತಿ ವಿಭಾಗಕ್ಕೆ ಫೋನ್ ಮಾಡಿದೆ. ಮಾತನಾಡಿದ ಮಹಿಳೆ ಸಾವಧಾನದಿಂದ ವಿವರಿಸಿದರು. ‘ನಮಗೇನೂ ಗೊತ್ತಿಲ್ಲ. ನೀವು ಬಿಲ್ ಸಂಖ್ಯೆ ಕೊಟ್ಟಿಲ್ಲ. ಕೊಡದಿದ್ದರೆ ನಮ್ಮ ಕಂಪ್ಯೂಟರು ಮೊದಲು ಬಂದದ್ದು ಮೊದಲು ಮಾರಾಟವಾಗಿದೆ ಎಂದು ತಾನೇ ಲೆಕ್ಕ ಹಾಕಿಕೊಳ್ಳುತ್ತದೆ’ ಎಂದರು. ಕಾಗದ ತೆಗೆದುಕೊಂಡು ಲೆಕ್ಕ ಮಾಡಿ ನೋಡಿದೆ. ನನಗೆ ಬಂದ ಮೇಜಿನ ಡೈರಿಗಳು 260. ಅದರಲ್ಲಿ 180 ವಾಪಸಾತಿಯ ಷರತ್ತಿನವು, 80 ಖಚಿತ ಖರೀದಿಯವು. ಮಾರಾಟವಾದದ್ದು 182. ಹಳೆಯವೇ ಮೊದಲು ಮಾರಾಟವಾದವು ಎಂದುಕೊಂಡರೆ 180 ಪೂರ್ತಿ ಮುಗಿದು, ಹೊಸ ಕಂತಿನಿಂದಲೂ 2 ಹೋಗಿ, ಉಳಿದ 78 ಅಷ್ಟೂ ಖಚಿತ ಖರೀದಿಯವೇ ಆಗುತ್ತವೆ. ತದ್ವಿರುದ್ಧವಾಗಿ, ಹೊಸ ಕಂತೇ ಮೊದಲು ಮುಗಿಯಿತು ಎಂದುಕೊಂಡರೆ ಉಳಿದ 78 ಅಷ್ಟೂ ಹಿಂದಿರುಗಿಸಬಹುದಾದವು. ಒಂದೇ ಕಪಾಟಿನ ಅದೇ 78 ಡೈರಿಗಳು ಒಂದು ಊಹೆಯಲ್ಲಿ ಪೂರ್ತಿ ನನ್ನ ನಷ್ಟ, ಇನ್ನೊಂದು ಊಹೆಯಲ್ಲಿ ಪೂರ್ತಿ ನನ್ನ ಹಣ. ಒಪ್ಪಂದದಲ್ಲಿ ಈ ವಿಷಯದ ಬಗ್ಗೆ ಒಂದು ಅಕ್ಷರವೂ ಇರಲಿಲ್ಲ.

ಎರಡೂ ಕಂತುಗಳನ್ನು ಬೆರೆಸಿ ಜೋಡಿಸಿದ್ದರಿಂದ ಅನುಪಾತದ ಪ್ರಕಾರ ಹಂಚುವುದೇ ನ್ಯಾಯ ಎಂದು ನಾನು ವಾದಿಸಿದೆ. 260ರಲ್ಲಿ 180 ವಾಪಸಾತಿಯವು ಎಂದಾದರೆ, 78ರಲ್ಲಿ 54 ಹಿಂದಿರುಗಿಸಬಹುದಾದವು. ಅವರು ಅದನ್ನು ತಳ್ಳಿಹಾಕಲಿಲ್ಲ, ಒಪ್ಪಿಕೊಳ್ಳಲೂ ಇಲ್ಲ. ‘ಅನುಪಾತ ಕಾಗದದ ಮೇಲೆ ಚೆಂದ. ಆದರೆ ಗೋದಾಮಿನಲ್ಲಿ ಇಳಿಸಿಕೊಳ್ಳುವವರು ಡೈರಿಯ ಹಿಂಬದಿ ನೋಡುತ್ತಾರೆ’ ಎಂದರು. ಹಿಂಬದಿಯಲ್ಲಿ ಏನಿದೆ ಎಂದು ಕೇಳಿದಾಗ, ಬಾರ್‌ಕೋಡಿನ ಕೆಳಗೆ ಸಣ್ಣ ಅಕ್ಷರದಲ್ಲಿ ಮುದ್ರಣ ಸಂಖ್ಯೆ ಇರುತ್ತದೆಂದೂ, ನವೆಂಬರಿನಲ್ಲಿ ಕಳುಹಿಸಿದ್ದು ಮರುಮುದ್ರಣದ ಪ್ರತಿಗಳೆಂದೂ, ಮೊದಲ ಮುದ್ರಣದ ಸಂಖ್ಯೆಯ ಕೊನೆಯಲ್ಲಿ 1, ಮರುಮುದ್ರಣದ ಸಂಖ್ಯೆಯ ಕೊನೆಯಲ್ಲಿ 2 ಇರುತ್ತದೆಂದೂ ತಿಳಿಸಿದರು. ನನ್ನ ಅದೃಷ್ಟಕ್ಕೆ ಮೊದಲ ಎರಡು ಬಿಲ್ಲುಗಳ ಸರಕೆಲ್ಲ ಮೊದಲ ಮುದ್ರಣದ್ದೇ ಆಗಿತ್ತು. ಮೂರು ಕಂತುಗಳೂ ಒಂದೇ ಮುದ್ರಣದವಾಗಿದ್ದರೆ ಬೇರ್ಪಡಿಸುವ ದಾರಿಯೇ ಇರುತ್ತಿರಲಿಲ್ಲ. ಅವರ ಕಂಪ್ಯೂಟರಿನ ಊಹೆಯ ಎದುರು ನನ್ನ ಊಹೆಯನ್ನಿಟ್ಟು ವಾದಿಸುತ್ತ ಕೂರಬೇಕಿತ್ತು.

ಅಂದು ರಾತ್ರಿ 78 ಡೈರಿಗಳನ್ನೂ ಮಗುಚಿ ನೋಡಿದೆ. 1ರಲ್ಲಿ ಕೊನೆಗೊಂಡವು 49, 2ರಲ್ಲಿ ಕೊನೆಗೊಂಡವು 29. ಅಂದರೆ ಹಿಂದಿರುಗಿಸಬಹುದಾದವು 49. ಅನುಪಾತದ ಲೆಕ್ಕಕ್ಕಿಂತ ಐದು ಕಡಿಮೆ. ನೋಡದೇ ಇದ್ದಿದ್ದರೆ 54ಕ್ಕೇ ಪಟ್ಟು ಹಿಡಿಯಬಹುದಿತ್ತಲ್ಲ ಎಂಬ ಯೋಚನೆ ಒಂದು ಕ್ಷಣ ಸುಳಿಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ಆದರೆ ಆ ಐದನ್ನು ಕಳುಹಿಸಿದ್ದರೆ ಗೋದಾಮಿನಲ್ಲಿ ಹಿಂಬದಿ ನೋಡಿ ಬೇರ್ಪಡಿಸಿ, ನನ್ನ ಖರ್ಚಿನಲ್ಲೇ ಮರಳಿ ಕಳುಹಿಸುತ್ತಿದ್ದರು, ಉಳಿದ ಪ್ರತಿಗಳನ್ನೂ ಸಂಶಯದಿಂದ ನೋಡುತ್ತಿದ್ದರು.

ಇನ್ನು ಸ್ಥಿತಿಯ ಪ್ರಶ್ನೆ. 49ರಲ್ಲಿ ನಾಲ್ಕು ಪ್ರತಿಗಳನ್ನು ಗಿರಾಕಿಗಳು ಬಿಡಿಸಿ ನೋಡಲೆಂದು ಪ್ಲಾಸ್ಟಿಕ್ ಹೊದಿಕೆ ತೆಗೆದು ಮುಂದೆ ಇಟ್ಟಿದ್ದೆ. ಹಾಳೆಗಳ ಅಂಚು ಕಪ್ಪಾಗಿ, ಒಂದರ ನಡುವಿನ ರಿಬ್ಬನ್ನೂ ಕಿತ್ತುಹೋಗಿತ್ತು; ಅವನ್ನು ಕೈಬಿಟ್ಟೆ. ಇನ್ನು ಮೂರರ ಹೊದಿಕೆಯ ಮೇಲೆ ನನ್ನ ಅಂಗಡಿಯ ರಿಯಾಯಿತಿ ಚೀಟಿ ಅಂಟಿತ್ತು. ಇಂಥ ಚೀಟಿಯನ್ನು ಉಗುರಿನಿಂದ ಕೀಳಬಾರದು. ಹೇರ್ ಡ್ರೈಯರಿನ ಬಿಸಿ ಗಾಳಿಯನ್ನು ಸ್ವಲ್ಪ ದೂರದಿಂದ ಹಿಡಿದು ಅಂಟು ಸಡಿಲವಾದ ಮೇಲೆ ಮೂಲೆಯಿಂದ ನಿಧಾನವಾಗಿ ಎಬ್ಬಿಸಿದರೆ ಹೊದಿಕೆ ಉಳಿಯುತ್ತದೆ. ನಾನು ಇದನ್ನು ಮೊದಲನೆಯದನ್ನು ಉಗುರಿನಿಂದ ಕಿತ್ತು ಹರಿದುಕೊಂಡ ಮೇಲೆ ಕಲಿತೆ. ಹೀಗೆ ಮೇಜಿನ ಡೈರಿ 44ಕ್ಕೆ ಬಂದು ನಿಂತಿತು. ಕಿಸೆ ಡೈರಿ 21 ಪೂರ್ತಿ ಸರಿಯಾಗಿದ್ದವು. ಕ್ಯಾಲೆಂಡರುಗಳಲ್ಲಿ ಎರಡರ ಮೂಲೆ ಮಡಿಸಿಹೋಗಿದ್ದರಿಂದ 35. ಒಟ್ಟು 100, ಮಿತಿಯಾದ 120ರೊಳಗೆ.

ಅಂದಹಾಗೆ, ಕೆಲವು ಸರಬರಾಜುದಾರರು ಕ್ಯಾಲೆಂಡರನ್ನು ಪೂರ್ತಿ ಹಿಂದಕ್ಕೆ ಕೇಳುವುದಿಲ್ಲ. ವರ್ಷ ತಿರುಗಿದ ಕ್ಯಾಲೆಂಡರು ಅವರಿಗೂ ರದ್ದಿಯೇ ಆದ್ದರಿಂದ, ಹೊದಿಕೆಯ ಹಾಳೆಯನ್ನು ಮಾತ್ರ ಕತ್ತರಿಸಿ ಕಳುಹಿಸಿದರೆ, ಇಲ್ಲವೇ ನಾಶಮಾಡಿದ ಬಗ್ಗೆ ಸಹಿ ಮಾಡಿದ ಹೇಳಿಕೆ ಕೊಟ್ಟರೆ ಸಾಕು ಎನ್ನುವವರಿದ್ದಾರೆ. ನಾನೂ ಕೇಳಿದೆ. ಪೂರ್ತಿ ಸರಕೇ ಬೇಕೆಂದರು. ಲಿಖಿತವಾಗಿ ಹಾಗೆ ಒಪ್ಪಿಗೆ ಕೊಡದ ಹೊರತು ಕತ್ತರಿ ಹಾಕಿದರೆ ಸರಕೂ ಹೋಗುತ್ತದೆ, ಹಣವೂ ಹೋಗುತ್ತದೆ.

ಜನವರಿ 18ರಂದು ಎರಡನೆಯ ಕೋರಿಕೆಯನ್ನು ಸಲ್ಲಿಸಿದೆ. ಈ ಬಾರಿ ಪ್ರತಿ ಸಾಲಿನಲ್ಲೂ ಬಿಲ್ಲಿನ ದಿನಾಂಕ, ಆ ಬಿಲ್ಲಿನಲ್ಲಿ ಬಂದ ಸಂಖ್ಯೆ, ಹಿಂದಿರುಗಿಸುವ ಸಂಖ್ಯೆ ಮತ್ತು ಬಿಲ್ಲಿನ ನಿವ್ವಳ ದರವನ್ನು ಬರೆದೆ. ಮೇಜಿನ ಡೈರಿಯ ಸಾಲಿನ ಕೆಳಗೆ ಹೀಗೆ ಸೇರಿಸಿದೆ: ‘ಹಿಂದಿರುಗಿಸುತ್ತಿರುವ 44 ಪ್ರತಿಗಳೂ ಮೊದಲ ಮುದ್ರಣದವು. ಆಗಸ್ಟ್ 20 ಮತ್ತು ಅಕ್ಟೋಬರ್ 15ರ ಬಿಲ್ಲುಗಳ ಮೂಲಕ ಬಂದವು. ನವೆಂಬರ್ 25ರ ಬಿಲ್ಲಿನ ಮರುಮುದ್ರಣದ ಪ್ರತಿಗಳಲ್ಲಿ 29 ಉಳಿದಿದ್ದು, ಅವುಗಳನ್ನು ಈ ಕೋರಿಕೆಯಲ್ಲಿ ಸೇರಿಸಿಲ್ಲ. ಜನವರಿ 9ರ ಕೋರಿಕೆಯನ್ನು ಇದರ ಮೂಲಕ ಹಿಂಪಡೆಯುತ್ತಿದ್ದೇನೆ.’ ಮುದ್ರಣ ಸಂಖ್ಯೆ ಕಾಣುವಂತೆ ಹತ್ತತ್ತು ಡೈರಿಗಳನ್ನು ಬೋರಲು ಜೋಡಿಸಿ ತೆಗೆದ ಐದು ಛಾಯಾಚಿತ್ರಗಳನ್ನು ಲಗತ್ತಿಸಿದೆ. ಸೇರಿಸದ 29ರ ಲೆಕ್ಕವನ್ನೂ ನಾನೇ ಬರೆದದ್ದು ಕೆಲಸ ಮಾಡಿತು ಎಂದು ನನ್ನ ಅನಿಸಿಕೆ. 180ರಲ್ಲಿ 131 ಮಾರಾಟ, 49 ಉಳಿಕೆ. 80ರಲ್ಲಿ 51 ಮಾರಾಟ, 29 ಉಳಿಕೆ. ಎರಡೂ ಬದಿ ಸರಿದೂಗಿದಾಗ ಓದುವವರಿಗೆ ಮತ್ತೆ ಕೇಳುವಂಥದ್ದು ಏನೂ ಉಳಿಯುವುದಿಲ್ಲ.

ಜನವರಿ 22ರಂದು ಅನುಮತಿ ಸಂಖ್ಯೆ ಬಂತು. ಪತ್ರದ ಕೊನೆಯಲ್ಲಿ, ‘ಈ ಅನುಮತಿ ಸರಕನ್ನು ಕಳುಹಿಸುವುದಕ್ಕೆ ಮಾತ್ರ, ಮರುಪಾವತಿಯು ಪರಿಶೀಲನೆಗೆ ಒಳಪಟ್ಟಿರುತ್ತದೆ’ ಎಂಬ ಸಾಲಿತ್ತು. ಅನುಮತಿ ಸಿಕ್ಕಿತೆಂದರೆ ಹಣ ಸಿಕ್ಕಿತೆಂದು ತಿಳಿದು, ಲೆಕ್ಕಪುಸ್ತಕದಲ್ಲಿ ಆಗಲೇ ಜಮಾ ಬರೆದುಕೊಳ್ಳುವವರನ್ನು ಕಂಡಿದ್ದೇನೆ. ಅದು ಬರೀ ಬಾಗಿಲು ತೆರೆಯುವ ಚೀಟಿ.

ಅದೇ ಹೊತ್ತಿಗೆ ಇನ್ನೊಂದು ತೀರ್ಮಾನ ಮಾಡಬೇಕಿತ್ತು. ಬಿಲ್ಲಿನ ಅವಧಿ 60 ದಿನಗಳು. ಮೊದಲ ಎರಡು ಬಿಲ್ಲುಗಳನ್ನು ಕಟ್ಟಿಯಾಗಿತ್ತು, ಮೂರನೆಯದರ ಗಡುವು ಜನವರಿ 24. ಅವರಿಂದ ಹಣ ಬರಬೇಕಾಗಿರುವಾಗ ನೀವೇಕೆ ಕಟ್ಟಬೇಕು, ಅದರಲ್ಲೇ ಹಿಡಿದುಕೊಂಡರಾಯಿತಲ್ಲ ಎಂದು ಗೆಳೆಯರೊಬ್ಬರು ಹೇಳಿದರು. ಕೇಳಲು ಸರಿಯೆನಿಸಿದರೂ ನಾನು ಪೂರ್ತಿ ಕಟ್ಟಿದೆ. ನನ್ನ ಹೆಸರಿಗೆ ಜಮಾ ಬರೆದುಕೊಡುವ ಕ್ರೆಡಿಟ್ ನೋಟ್ ಕೈಗೆ ಬರುವವರೆಗೆ ನನಗೆ ಬರಬೇಕಾದ ಮೊತ್ತ ಅವರ ಲೆಕ್ಕದಲ್ಲಿ ಇರುವುದೇ ಇಲ್ಲ. ಇರುವುದು ನನ್ನ ಬಾಕಿ ಮಾತ್ರ. ಗಡುವು ಮೀರಿದ ಬಾಕಿಯಿರುವ ಖಾತೆಗಳ ವಾಪಸಾತಿಯನ್ನು ತಡೆಹಿಡಿಯುವ ಅಧಿಕಾರ ಒಪ್ಪಂದದಲ್ಲೇ ಅವರಿಗಿತ್ತು. ಸರಕು ಅವರ ಗೋದಾಮಿನಲ್ಲಿ, ಹಣವೂ ಅವರ ಬಳಿ, ಅದರ ಮೇಲೆ ತಪ್ಪೂ ನನ್ನದು ಎನ್ನುವ ಸ್ಥಿತಿಗೆ ಹೋಗುವುದು ನನಗೆ ಬೇಡವಾಗಿತ್ತು.

ಸರಕನ್ನು ಐದು ಪೆಟ್ಟಿಗೆಗಳಲ್ಲಿ ಕಟ್ಟಿದೆ. ಪ್ರತಿ ಪೆಟ್ಟಿಗೆಯ ಎರಡು ಬದಿಗಳಲ್ಲಿ ಅನುಮತಿ ಸಂಖ್ಯೆ ಮತ್ತು ‘5ರಲ್ಲಿ 1’, ‘5ರಲ್ಲಿ 2’ ಎಂಬ ಕ್ರಮ ಬರೆದು, ಒಳಗೆ ಆ ಪೆಟ್ಟಿಗೆಯಲ್ಲಿರುವುದರ ಪಟ್ಟಿಯನ್ನಿಟ್ಟೆ. ಪ್ರತಿಯೊಂದನ್ನೂ ತೂಗಿ, ತೂಕವನ್ನು ಸಾಗಣೆಯ ರಸೀದಿಯಲ್ಲಿ ಬರೆಸಿದೆ. ಮುಂದೆ ಸಂಖ್ಯೆ ಕಡಿಮೆ ಬಂತು ಎಂದು ಅವರು ಹೇಳಿದರೆ, ನನ್ನಲ್ಲಿ ಹೊರಟ ತೂಕವೂ ಅವರಲ್ಲಿ ಇಳಿದ ತೂಕವೂ ಒಂದೇ ಎಂದು ತೋರಿಸುವುದಕ್ಕೆ ಅದೊಂದೇ ಆಧಾರ. ಜನವರಿ 27ರಂದು ಕಳುಹಿಸಿದ ಪೆಟ್ಟಿಗೆಗಳು 31ರಂದು ತಲುಪಿದವು.

ಫೆಬ್ರವರಿ 8ರ ಪರಿಶೀಲನಾ ವರದಿಯಲ್ಲಿ 98 ಪ್ರತಿಗಳನ್ನು ಒಪ್ಪಿಕೊಂಡಿದ್ದರು. ಸಂಖ್ಯೆ ಕಡಿಮೆಯಾಗಿರಲಿಲ್ಲ, ಐದನೆಯ ಪೆಟ್ಟಿಗೆಯ ಎರಡು ಕ್ಯಾಲೆಂಡರುಗಳ ಮೂಲೆಗಳು ದಾರಿಯಲ್ಲಿ ಜಜ್ಜಿಹೋಗಿದ್ದವು. ಅವರು ಕಳುಹಿಸಿದ ಛಾಯಾಚಿತ್ರ ನೋಡಿದ ಕೂಡಲೇ ಕಾರಣ ತಿಳಿಯಿತು. ಆ ಪೆಟ್ಟಿಗೆ ಕ್ಯಾಲೆಂಡರಿಗಿಂತ ನಾಲ್ಕು ಬೆರಳು ಅಗಲವಾಗಿತ್ತು. ಆ ಸಂದಿಗೆ ಕಾಗದ ತುರುಕದೆ ಮುಚ್ಚಿದ್ದೆ. ಸಾಗಣೆಯ ಹೊಣೆ ನನ್ನದಾದ್ದರಿಂದ ವಾದಿಸಲು ಏನೂ ಇರಲಿಲ್ಲ.

ವಾದಿಸಬೇಕಾದದ್ದು ನಾಲ್ಕು ದಿನಗಳ ನಂತರ ಬಂದ ಕ್ರೆಡಿಟ್ ನೋಟಿನಲ್ಲಿತ್ತು. ಸಂಖ್ಯೆಗಳೆಲ್ಲ ಸರಿಯಾಗಿದ್ದವು. ಒಟ್ಟು ಮೊತ್ತ ನನ್ನ ಅಂದಾಜಿಗಿಂತ ಸ್ವಲ್ಪ ಕಡಿಮೆ ಇತ್ತು. ಆ ಎರಡು ಕ್ಯಾಲೆಂಡರುಗಳದ್ದೇ ವ್ಯತ್ಯಾಸ ಎಂದು ಬಿಟ್ಟುಬಿಡುವ ಹಂತದಲ್ಲಿದ್ದೆ. ಆದರೂ ಸಾಲು ಸಾಲಾಗಿ ಭಾಗಿಸಿ ನೋಡಿದಾಗ ಮೇಜಿನ ಡೈರಿಯ ದರ ತಪ್ಪಿರುವುದು ಕಂಡಿತು. ಕಿಸೆ ಡೈರಿ ಮತ್ತು ಕ್ಯಾಲೆಂಡರಿಗೆ ಮುಖಬೆಲೆಯ ಶೇ. 60 ಜಮಾ ಆಗಿತ್ತು, ಅಂದರೆ ನಾನು ಕೊಟ್ಟಷ್ಟೇ. ಮೇಜಿನ ಡೈರಿಗೆ ಮಾತ್ರ ಶೇ. 55. ಆ ಸರಕಿಗೆ ಕೊನೆಯದಾಗಿ ಆಗಿದ್ದ ಬಿಲ್ಲು ನವೆಂಬರಿನದು. ಅದರಲ್ಲಿ ರಿಯಾಯಿತಿ ಶೇ. 45 ಇತ್ತು, ಜಮಾ ಬರೆಯುವಾಗ ಆ ಕೊನೆಯ ದರವನ್ನೇ ಹಾಕಲಾಗಿತ್ತು. 44 ಪ್ರತಿಗಳ ಮೇಲೆ ನನಗೆ ಸಲ್ಲಬೇಕಾದುದರಲ್ಲಿ ಹನ್ನೆರಡನೆಯ ಒಂದು ಪಾಲು ಹೀಗೆ ಕಡಿತವಾಗಿತ್ತು. ಹಿಂದಿರುಗಿಸಿದ್ದು ಮೂರನೆಯ ಬಿಲ್ಲಿನ ಸರಕಲ್ಲ ಎಂದು ಸಾಧಿಸಲು ಅಷ್ಟೆಲ್ಲ ಪಾಡುಪಟ್ಟ ಮೇಲೆ, ಅದೇ ಬಿಲ್ಲಿನ ದರದಲ್ಲಿ ಜಮಾ ಬಂದದ್ದನ್ನು ನೋಡಿ ನಗುವುದೋ ಸಿಟ್ಟಾಗುವುದೋ ತಿಳಿಯಲಿಲ್ಲ.

ಇದನ್ನು ಸರಿಪಡಿಸಲು ಮಾತ್ರ ಹೆಚ್ಚು ಶ್ರಮ ಬೇಕಾಗಲಿಲ್ಲ. ಜನವರಿ 18ರ ಕೋರಿಕೆಯಲ್ಲಿ ಪ್ರತಿ ಸಾಲಿನ ನಿವ್ವಳ ದರವನ್ನು ಬರೆದಿದ್ದೆ, ಅದೇ ಕೋರಿಕೆಯ ಮೇಲೆ ಅವರು ಅನುಮತಿ ಕೊಟ್ಟಿದ್ದರು. ಆ ಎರಡು ದಾಖಲೆಗಳನ್ನೂ ಮೊದಲ ಎರಡು ಬಿಲ್ಲುಗಳನ್ನೂ ಲಗತ್ತಿಸಿ, ವ್ಯತ್ಯಾಸದ ಮೊತ್ತವನ್ನು ಲೆಕ್ಕ ಹಾಕಿ ಬರೆದೆ. ಮೊದಲ ಕ್ರೆಡಿಟ್ ನೋಟನ್ನು ರದ್ದು ಮಾಡಿ ಹೊಸದು ಕೊಡಿ ಎಂದು ಕೇಳದೆ, ವ್ಯತ್ಯಾಸಕ್ಕಷ್ಟೇ ಪೂರಕ ಕ್ರೆಡಿಟ್ ನೋಟ್ ಕೊಡಿ ಎಂದು ಕೇಳಿದೆ. ರದ್ದು ಮಾಡಿಸಿದ್ದರೆ ಪೂರ್ತಿ ಮೊತ್ತವೂ ಹೊಸದು ಬರುವವರೆಗೆ ತೂಗಾಡುತ್ತಿತ್ತು. ಫೆಬ್ರವರಿ 19ರಂದು ಪೂರಕ ನೋಟ್ ಬಂತು.

ಇಷ್ಟಾದರೂ ಹಣ ಬಂದಿರಲಿಲ್ಲ. ಕ್ರೆಡಿಟ್ ನೋಟ್ ಎಂದರೆ ಮುಂದಿನ ಖರೀದಿಯಲ್ಲಿ ಅಷ್ಟು ಕಡಿಮೆ ಕೊಡಬಹುದು ಎಂಬ ಬರಹ. ವರ್ಷವಿಡೀ ಅವರಿಂದ ಸರಕು ತರಿಸುವವರಿಗೆ ಅದು ಹಣಕ್ಕೆ ಸಮ. ನಾನು ಅವರಿಂದ ಕೊಳ್ಳುವುದು ಡೈರಿ, ಕ್ಯಾಲೆಂಡರುಗಳನ್ನು ಮಾತ್ರ. ಮುಂದಿನ ಖರೀದಿ ಆಗಸ್ಟಿನಲ್ಲಿ. ಆರು ತಿಂಗಳು ಅವರ ಬಳಿ ಬಡ್ಡಿಯಿಲ್ಲದೆ ಇಡುವ ಬದಲು ಮರುಪಾವತಿ ಕೇಳಿದೆ. ಬಾಕಿ ಏನೂ ಇಲ್ಲದ ಖಾತೆಯಾದರೆ, ಲಿಖಿತ ಕೋರಿಕೆ ಬಂದ 30 ದಿನಗಳೊಳಗೆ ಜಮಾ ಮೊತ್ತವನ್ನು ಬ್ಯಾಂಕಿಗೆ ಪಾವತಿಸಬೇಕು ಎಂಬ ಷರತ್ತು ಒಪ್ಪಂದದಲ್ಲಿತ್ತು. ಮೂರನೆಯ ಬಿಲ್ಲನ್ನು ಗಡುವಿಗೆ ಸರಿಯಾಗಿ ಕಟ್ಟಿದ್ದು ಇಲ್ಲಿ ಮತ್ತೆ ಉಪಯೋಗಕ್ಕೆ ಬಂತು. ಎರಡೂ ನೋಟುಗಳ ಸಂಖ್ಯೆ, ಖಾತೆಯಲ್ಲಿ ಬಾಕಿ ಇಲ್ಲವೆಂಬ ಅವರದೇ ಲೆಕ್ಕಪತ್ರ ಮತ್ತು ಬ್ಯಾಂಕಿನ ವಿವರವನ್ನು ಒಂದೇ ಪತ್ರದಲ್ಲಿ ಬರೆದು ಫೆಬ್ರವರಿ 20ರಂದು ಕಳುಹಿಸಿದೆ. ಇದನ್ನು ವಾಪಸಾತಿ ವಿಭಾಗಕ್ಕಲ್ಲ, ಲೆಕ್ಕಪತ್ರ ವಿಭಾಗಕ್ಕೆ ಕಳುಹಿಸಬೇಕು ಎಂಬುದನ್ನು ಆ ಮಹಿಳೆಯೇ ಮೊದಲು ತಿಳಿಸಿದ್ದರು. ಮಾರ್ಚ್ 18ರಂದು ಹಣ ಖಾತೆಗೆ ಬಂತು.

ಉಳಿದ 29 ಮರುಮುದ್ರಣದ ಡೈರಿಗಳ ವಿಷಯದಲ್ಲಿ ನಾನು ಇನ್ನೊಂದು ತಪ್ಪು ಮಾಡಿದ್ದೆ. ಡಿಸೆಂಬರ್ ಕೊನೆಯ ವಾರದಲ್ಲಿ ಎಲ್ಲ ಡೈರಿಗಳನ್ನೂ ಒಂದೇ ಸಮನೆ ರಿಯಾಯಿತಿಗೆ ಇಟ್ಟು, ಹಿಂದಿರುಗಿಸಬಹುದಾದವನ್ನೂ ಕಡಿಮೆ ಬೆಲೆಗೆ ಮಾರಿದೆ. ಶೇ. 40 ರಿಯಾಯಿತಿಯಲ್ಲಿ ಕೊಂಡದ್ದನ್ನು ಗಿರಾಕಿಗೆ ಶೇ. 40 ಕಡಿಮೆಗೆ ಕೊಟ್ಟರೆ ಬರುವುದು ಕೊಂಡ ಬೆಲೆ ಮಾತ್ರ. ಹಿಂದಿರುಗಿಸಿದರೂ ಸಾಗಣೆಯ ಖರ್ಚು ಕಳೆದು ಹೆಚ್ಚುಕಡಿಮೆ ಅಷ್ಟೇ ಬರುತ್ತಿತ್ತು. ಆ ಗಿರಾಕಿಗಳಿಗೆಲ್ಲ ಮರುಮುದ್ರಣದ ಪ್ರತಿಯನ್ನೇ ಕೊಟ್ಟಿದ್ದರೆ 29ರ ಬಹುಪಾಲು ಆಗಲೇ ಮುಗಿದಿರುತ್ತಿತ್ತು. ಫೆಬ್ರವರಿ ಕೊನೆಯವರೆಗೆ ಮುಖಬೆಲೆಯ ಮೂರನೆಯ ಒಂದು ಭಾಗಕ್ಕೆ, ಟಿಪ್ಪಣಿ ಬರೆದುಕೊಳ್ಳಲು ಎಂದು ಹೇಳಿ 17 ಮಾರಿದೆ. ಈಗ 12 ಉಳಿದಿವೆ. ಅದರಲ್ಲೊಂದರಲ್ಲಿ ಈ ಆಗಸ್ಟಿಗೆ ಯಾವ ಪೆಟ್ಟಿಗೆ ಯಾವ ಬಿಲ್ಲಿನದು, ಯಾವ ಮುದ್ರಣದ್ದು, ಎಲ್ಲಿ ಇಟ್ಟಿದ್ದೇನೆ ಎಂದು ಬರೆದಿಡುವ ಪಟ್ಟಿಗೆ ಗೆರೆ ಎಳೆದಿದ್ದೇನೆ.